ಎಲ್ಲರಿಗಿಂತ ಕಡಿಮೆ ದರ, ಆದರೂ ಸೋಲು: ಟೆಂಡರ್ ಕೈತಪ್ಪಿದ ಕಾರಣವನ್ನು ಕೇಳಿ ತಿಳಿಯುವುದು ಹೇಗೆ

ಪುಣೆಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಕ್ಯಾಂಟೀನ್ ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ದರ ಹಾಕಿದವರು ನಾವು. ಕೆಲಸ ಸಿಕ್ಕಿದ್ದು ಬೇರೆಯವರಿಗೆ. ದಿನಕ್ಕೆ ಸುಮಾರು 600 ಜನರ ತಿಂಡಿ, ಊಟ, ಎರಡು ವರ್ಷದ ಗುತ್ತಿಗೆ. ಕುಂದಾಪುರದ ಕಡೆಯಿಂದ ಬಂದು ಭೋಸರಿಯಲ್ಲಿ ಅಡುಗೆಮನೆ ಕಟ್ಟಿ, ಕಾರ್ಖಾನೆಗಳಿಗೆ ಊಟ ಪೂರೈಸುತ್ತ ಬಂದ ನನ್ನ ಮಾವನಿಗೆ ಅದು ಬರೀ ಒಂದು ಕೆಲಸವಾಗಿರಲಿಲ್ಲ. ಸರ್ಕಾರಿ ಸಂಸ್ಥೆಯ ಮೊದಲ ಗುತ್ತಿಗೆಯಾಗಬೇಕಿತ್ತು. ಫಲಿತಾಂಶವನ್ನು ನಾನು ಪೋರ್ಟಲಿನಲ್ಲಿ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಬೇಕಾದವನಿಗೆ ಕೊಟ್ಟಿದ್ದಾರೆ, ಬಿಡು" ಎಂದರು.

ಹಾಗೆ ಬಿಟ್ಟುಬಿಡುವವರೇ ಹೆಚ್ಚು. ನಾನು ಬಿಡಲಿಲ್ಲ. ಖರೀದಿ ಮಾಡುವ ಸಂಸ್ಥೆಯ ಎದುರು ಕುಳಿತು "ನಮ್ಮ ಬಿಡ್‌ನಲ್ಲಿ ಏನು ಕಡಿಮೆಯಾಯಿತು" ಎಂದು ಕೇಳಿ ತಿಳಿದುಕೊಳ್ಳುವುದಕ್ಕೆ ಟೆಂಡರಿನ ಲೋಕದಲ್ಲಿ ಡಿಬ್ರೀಫಿಂಗ್ ಎನ್ನುತ್ತಾರೆ. ನಮ್ಮ ಆ ಒಂದು ಟೆಂಡರನ್ನೇ ಮುಂದಿಟ್ಟುಕೊಂಡು, ಕೇಳುವ ಮುನ್ನ ಮಾಡಬೇಕಾದ ಲೆಕ್ಕ, ಕೇಳುವ ಬಗೆ, ಉತ್ತರವನ್ನು ಅಳೆಯುವ ಬಗೆ ಇವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಲೆಕ್ಕ. ಸರ್ಕಾರಿ ಖರೀದಿಯಲ್ಲಿ ಸಾಮಾನ್ಯವಾಗಿ ತಾಂತ್ರಿಕ ಬಿಡ್‌ನಲ್ಲಿ ಪಾಸಾದವರ ಪೈಕಿ ಅತಿ ಕಡಿಮೆ ದರ ಹಾಕಿದವರಿಗೆ, ಅಂದರೆ ಎಲ್ಒನ್ ಆದವರಿಗೆ, ಕೆಲಸ ಹೋಗುತ್ತದೆ. ಆದರೆ ಈ ಟೆಂಡರ್ ಗುಣಮಟ್ಟ ಮತ್ತು ದರ ಎರಡನ್ನೂ ಕೂಡಿಸಿ ನೋಡುವ ಕ್ಯೂಸಿಬಿಎಸ್ ಪದ್ಧತಿಯದು. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಇಂಥ ಸೇವೆಗಳಲ್ಲಿ ಗುಣಮಟ್ಟಕ್ಕೆ ಹೆಚ್ಚೆಂದರೆ ನೂರಕ್ಕೆ 30ರಷ್ಟು ತೂಕ ಕೊಡಬಹುದು. ಇಲ್ಲಿಯೂ ಅಷ್ಟೇ ಇತ್ತು: ಗುಣಮಟ್ಟ ಅಳೆಯುವ ತಾಂತ್ರಿಕ ಬಿಡ್‌ಗೆ 30, ದರಕ್ಕೆ 70.

ಮೂವರು ಬಿಡ್ ಹಾಕಿದ್ದೆವು. ಒಬ್ಬರು ತಾಂತ್ರಿಕ ಹಂತದಲ್ಲೇ ಹೊರಗುಳಿದರು. ಉಳಿದ ಇಬ್ಬರಲ್ಲಿ ನಮ್ಮ ದರ ವರ್ಷಕ್ಕೆ 1.40 ಕೋಟಿ ರೂಪಾಯಿ, ಗೆದ್ದವರದು 1.46 ಕೋಟಿ. ತಾಂತ್ರಿಕ ಅಂಕ ನಮಗೆ 68, ಅವರಿಗೆ 86. ಅತಿ ಕಡಿಮೆ ದರದವರಿಗೆ ದರದ ಅಂಕ ಪೂರ್ತಿ 100. ಉಳಿದವರಿಗೆ, ಅತಿ ಕಡಿಮೆ ದರವನ್ನು ಅವರ ದರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವಷ್ಟು. ಗೆದ್ದವರಿಗೆ ಅದು 95.89. ಈಗ ತೂಕ ಹಾಕಿ ಕೂಡಿಸಿದರೆ ನಮ್ಮದು 20.4 ಮತ್ತು 70, ಒಟ್ಟು 90.4. ಅವರದು 25.8 ಮತ್ತು 67.12, ಒಟ್ಟು 92.92. ಅಂತರ ಎರಡೂವರೆ ಅಂಕ.

ಇಷ್ಟನ್ನು ಪೋರ್ಟಲಿನಲ್ಲಿ ಪ್ರಕಟವಾದ ಅಂಕಿಗಳಿಂದಲೇ ಯಾರು ಬೇಕಾದರೂ ತೆಗೆಯಬಹುದು. ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು: ಈ ಎರಡೂವರೆ ಅಂಕವನ್ನು ನಾವು ಎಲ್ಲಿಂದ ತರಬಹುದಿತ್ತು? ದರ ಇಳಿಸಿಯೇ ಗೆಲ್ಲಬೇಕೆಂದಿದ್ದರೆ 1.40 ಕೋಟಿಯನ್ನು 1.347 ಕೋಟಿಗೆ ತರಬೇಕಿತ್ತು, ಅಂದರೆ ವರ್ಷಕ್ಕೆ ಇನ್ನೂ 5.3 ಲಕ್ಷ ಬಿಡಬೇಕಿತ್ತು. ಅಡುಗೆಯವರ ಕನಿಷ್ಠ ವೇತನ, ಗ್ಯಾಸು, ಎಣ್ಣೆ ಇವುಗಳನ್ನು ಕೊಟ್ಟ ಮೇಲೆ ಅಷ್ಟು ಬಿಡುವ ಜಾಗ ಆ ದರದಲ್ಲಿ ಇರಲಿಲ್ಲ. ಅದೇ ತಾಂತ್ರಿಕದ ಕಡೆಯಿಂದ ನೋಡಿದರೆ, ತೂಕ 30 ಆಗಿರುವುದರಿಂದ ಎರಡೂವರೆ ಅಂಕಕ್ಕೆ ಬೇಕಿದ್ದುದು ಎಂಟೂವರೆ ತಾಂತ್ರಿಕ ಅಂಕ. 68ರ ಬದಲು 77 ಬಂದಿದ್ದರೆ, ಒಂದು ರೂಪಾಯಿಯನ್ನೂ ಇಳಿಸದೆ ಕೆಲಸ ನಮ್ಮದಾಗುತ್ತಿತ್ತು.

ಈ ಲೆಕ್ಕ ಮಾಡದೆ ಡಿಬ್ರೀಫಿಂಗಿಗೆ ಹೋಗಿದ್ದರೆ ನಾವು ದರದ ಬಗ್ಗೆಯೇ ಮಾತಾಡಿ ಬರುತ್ತಿದ್ದೆವು. "ಕಡಿಮೆ ದರ ಹಾಕಿದರೂ ಯಾಕೆ ಕೊಡಲಿಲ್ಲ" ಎಂಬುದು ಸಿಟ್ಟಿನ ಪ್ರಶ್ನೆ. ಅದಕ್ಕೆ ಟೆಂಡರ್ ಕಡತದಲ್ಲಿ ಒಂದೇ ಸಾಲಿನ ಉತ್ತರವಿದೆ. "ಒಂಬತ್ತು ಅಂಕ ಎಲ್ಲಿ ಹೋಯಿತು" ಎಂಬುದಕ್ಕೆ ಮಾತ್ರ ಯಾರಾದರೂ ಕಡತ ಬಿಚ್ಚಬೇಕಾಗುತ್ತದೆ.

ಎಲ್ಲಿ ಹೋಯಿತೆಂದು ಊಹಿಸಲು ನಮ್ಮ ಬಿಡ್‌ನ ಪ್ರತಿಯನ್ನು ತೆಗೆದು, ಟೆಂಡರಿನಲ್ಲೇ ಅಚ್ಚಾಗಿದ್ದ ಮಾನದಂಡಗಳಂತೆ ನಮಗೆ ನಾವೇ ಅಂಕ ಹಾಕಿಕೊಂಡೆವು. ನಾಲ್ಕು ತಲೆಬರಹಗಳಿದ್ದವು. ಹಿಂದಿನ ಅನುಭವಕ್ಕೆ 40 (ದಿನಕ್ಕೆ ಕನಿಷ್ಠ 400 ಊಟದ, ಒಂದು ವರ್ಷ ನಡೆಸಿದ ಪ್ರತಿ ಗುತ್ತಿಗೆಗೆ 10ರಂತೆ ನಾಲ್ಕರವರೆಗೆ), ವಹಿವಾಟಿಗೆ 20, ಸಿಬ್ಬಂದಿಗೆ 20, ನಾವು ಈಗ ನಡೆಸುತ್ತಿರುವ ಅಡುಗೆಮನೆಗೆ ಸಮಿತಿ ಬಂದು ನೋಡಿ ಕೊಡುವ ಅಂಕ 20. ನಮ್ಮ ಲೆಕ್ಕಕ್ಕೆ 40, 20, 15, 15 ಬಂದು ಒಟ್ಟು 90 ಆಯಿತು. ಸಮಿತಿ ಕೊಟ್ಟದ್ದು 68. ನಡುವೆ 22 ಅಂಕಗಳ ಕಂದರ. ಪೋರ್ಟಲಿನಲ್ಲಿ ಒಟ್ಟು ಅಂಕ ಮಾತ್ರ ಇತ್ತು, ತಲೆಬರಹವಾರು ವಿವರ ಇರಲಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಕೇಳಲು ಹಕ್ಕಿದೆಯೇ? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 173ನೇ ನಿಯಮ, ಬಿಡ್ಡುದಾರ ವಿಚಾರಿಸಿದರೆ ಅವನ ಟೆಂಡರನ್ನು ತಿರಸ್ಕರಿಸಿದ ಕಾರಣವನ್ನು ತಿಳಿಸಲೇಬೇಕು ಎನ್ನುತ್ತದೆ. ಅಂಕದಲ್ಲಿ ಹಿಂದೆ ಬಿದ್ದವನು ತಿರಸ್ಕೃತನೇ ಅಲ್ಲ ಎಂದು ಪದ ಹಿಡಿದು ವಾದಿಸುವ ಅಧಿಕಾರಿ ಸಿಗಬಹುದು. ಆದರೂ ಬರೆದು ಕೇಳಿದವನಿಗೆ ಅವನದೇ ಅಂಕಗಳನ್ನು ಹೇಳಬಾರದು ಎನ್ನುವ ನಿಯಮ ನನ್ನ ಕಣ್ಣಿಗೆ ಬಿದ್ದಿಲ್ಲ. ವಿಶ್ವಬ್ಯಾಂಕ್ ಸಾಲದ ಕಾಮಗಾರಿಗಳಲ್ಲಿ ಇದು ಇನ್ನೂ ಸ್ಪಷ್ಟ. ಮುಂಬೈ ನಗರ ಸಾರಿಗೆ ಯೋಜನೆಯಂಥವು ಆ ಸಾಲದಿಂದ ನಡೆದವು. ವಿಶ್ವಬ್ಯಾಂಕಿನ 2016ರ ಖರೀದಿ ನಿಯಮಾವಳಿ ಅನ್ವಯಿಸುವ ದೊಡ್ಡ ಟೆಂಡರುಗಳಲ್ಲಿ, ಗುತ್ತಿಗೆ ಯಾರಿಗೆ ಕೊಡುತ್ತೇವೆಂದು ತಿಳಿಸಿದ ಮೇಲೆ ಸಾಮಾನ್ಯವಾಗಿ 10 ಕೆಲಸದ ದಿನ ಒಪ್ಪಂದಕ್ಕೆ ಸಹಿ ಹಾಕದೆ ಕಾಯಬೇಕು. ಸೋತವರು 3 ಕೆಲಸದ ದಿನದೊಳಗೆ ಬರೆದು ಕೇಳಿದರೆ 5 ಕೆಲಸದ ದಿನದೊಳಗೆ ಡಿಬ್ರೀಫಿಂಗ್ ಕೊಡಬೇಕು. ಆ ಮೂರು ದಿನ ಬಹಳ ಬೇಗ ಕಳೆಯುತ್ತವೆ. ಶುಕ್ರವಾರ ಸಂಜೆ ಬಂದ ಪತ್ರವನ್ನು ಮುಂದಿನ ಗುರುವಾರ ಓದಿದವರಿಗೆ ಅವಕಾಶ ಮುಗಿದಿರುತ್ತದೆ.

ಇಲ್ಲಿ ಒಂದು ವಿಷಯವನ್ನು ಬೇರ್ಪಡಿಸಿ ಇಟ್ಟುಕೊಳ್ಳಬೇಕು. ತೀರ್ಪನ್ನು ಬದಲಿಸಲು ಹಾಕುವ ದೂರು ಬೇರೆ, ಕಾರಣ ತಿಳಿಯಲು ಕೇಳುವ ಭೇಟಿ ಬೇರೆ. ನೀವು ತಾಂತ್ರಿಕ ಹಂತದಲ್ಲೇ ಹೊರಬಿದ್ದಿದ್ದು, ಅದು ತಪ್ಪೆಂದು ಖಚಿತವಿದ್ದರೆ ದರದ ಲಕೋಟೆ ತೆರೆಯುವ ಮೊದಲೇ ಆಕ್ಷೇಪಣೆ ಹೋಗಬೇಕು. ದರಗಳು ಬಹಿರಂಗವಾದ ಮೇಲೆ ಹಿಂದಕ್ಕೆ ಹೋಗುವುದು ಬಹಳ ಕಷ್ಟ. ಕೇಂದ್ರದ ಸರ್ಕಾರಿ ಖರೀದಿ ತಾಣವಾದ ಜೆಮ್ ಪೋರ್ಟಲಿನಲ್ಲಿಯೂ ಅದಕ್ಕೆ ಕೊಡುವ ಕಾಲಾವಕಾಶ ಚಿಕ್ಕದು. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಅಧಿಕಾರಿ ಅದನ್ನು ದೂರು ಎಂದೇ ಓದುತ್ತಾನೆ, ಕಡತ ಕಾನೂನು ವಿಭಾಗಕ್ಕೆ ಹೋಗುತ್ತದೆ, ಬರುವ ಉತ್ತರ ಎರಡು ಸಾಲಿನದಾಗಿರುತ್ತದೆ.

ನಾವು ತೀರ್ಪನ್ನು ಪ್ರಶ್ನಿಸುವುದಿಲ್ಲ ಎಂದು ಮೊದಲು ನಾವೇ ನಿರ್ಧರಿಸಿದೆವು. ಮಾವನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಆಮೇಲೆ ಟೆಂಡರ್ ಕರೆದ ಅಧಿಕಾರಿಗೆ, ಗುತ್ತಿಗೆ ಕೊಟ್ಟ ಸುದ್ದಿ ಪ್ರಕಟವಾದ ನಾಲ್ಕನೇ ದಿನ, ಇಮೇಲ್ ಕಳಿಸಿದೆ. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: "ಗುತ್ತಿಗೆ ನೀಡಿರುವುದನ್ನು ತಿಳಿದಿದ್ದೇವೆ. ಅದನ್ನು ಪ್ರಶ್ನಿಸುವ ಉದ್ದೇಶ ನಮಗಿಲ್ಲ. ನಮ್ಮ ತಾಂತ್ರಿಕ ಬಿಡ್‌ಗೆ ನಾವು 90 ಅಂಕ ಅಂದಾಜಿಸಿದ್ದೆವು, 68 ಬಂದಿದೆ. ನಾಲ್ಕು ತಲೆಬರಹಗಳಲ್ಲಿ ನಮಗೆ ಬಂದ ಅಂಕಗಳನ್ನೂ ಎಲ್ಲಿ ಯಾವ ದಾಖಲೆ ಸಾಲಲಿಲ್ಲ ಎಂಬುದನ್ನೂ ತಿಳಿಯಬಯಸುತ್ತೇವೆ. ಬೇರೆ ಬಿಡ್ಡುದಾರರ ಮಾಹಿತಿ ಬೇಡ. ನಿಮ್ಮ ಅನುಕೂಲದ ದಿನ ಇಪ್ಪತ್ತು ನಿಮಿಷ ಕೊಟ್ಟರೆ ಬಂದು ಕೇಳುತ್ತೇವೆ."

ಈ ಪತ್ರದಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಠೇವಣಿ ಹಣ ಯಾವಾಗ ಹಿಂತಿರುಗುತ್ತದೆ ಎಂಬ ಪ್ರಶ್ನೆ ಇಲ್ಲ. ಅದು ಬೇರೆ ಪತ್ರ. ಅನುಭವದ ವರ್ಷಗಳ ಬಣ್ಣನೆ ಇಲ್ಲ. "ನಮಗೆ ಅನ್ಯಾಯವಾಗಿದೆ" ಎಂಬ ಮಾತಿಲ್ಲ. "ಪ್ರಶ್ನಿಸುವ ಉದ್ದೇಶವಿಲ್ಲ" ಎಂಬ ಸಾಲನ್ನು ನಿಜವಾಗಿಯೂ ಆ ಉದ್ದೇಶ ಇಲ್ಲದಿದ್ದರೆ ಮಾತ್ರ ಬರೆಯಬೇಕು. ಬರೆದು ಆಮೇಲೆ ನೋಟಿಸ್ ಕಳಿಸಿದರೆ, ಆ ಕಚೇರಿ ಮುಂದೆ ಯಾರಿಗೂ ಹೀಗೆ ಬಾಗಿಲು ತೆರೆಯುವುದಿಲ್ಲ. ಅಂದಾಜಿಸಿದ್ದು ಎಷ್ಟು, ಬಂದದ್ದು ಎಷ್ಟು ಎಂಬ ಎರಡು ಅಂಕಿಗಳೇ ಪತ್ರದ ಜೀವ. ನಾವು ಕಡತವನ್ನು ಓದಿಕೊಂಡು ಬಂದಿದ್ದೇವೆಂದು ಅವು ಹೇಳುತ್ತವೆ.

ಹತ್ತು ದಿನದ ಮೇಲೆ ಕರೆ ಬಂತು. ಹೋದವರು ಇಬ್ಬರು: ಮಾವ ಮತ್ತು ನಾನು. ಮಾವ ಮಾತಾಡುವುದು, ನಾನು ಬರೆದುಕೊಳ್ಳುವುದು ಎಂದು ಹಂಚಿಕೊಂಡಿದ್ದೆವು. ಇಬ್ಬರೂ ಮಾತಾಡಿದರೆ ಯಾರೂ ಬರೆಯುವುದಿಲ್ಲ, ಹೊರಗೆ ಬಂದ ಮೇಲೆ ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತದೆ. ಅಧಿಕಾರಿ ನಡುವಯಸ್ಸಿನ ಮರಾಠಿಗರು, ಪಕ್ಕದಲ್ಲಿ ಖರೀದಿ ವಿಭಾಗದ ಒಬ್ಬರು ಕಂಪ್ಯೂಟರ್ ಮುಂದೆ.

ಮಾವ ಕೇಳಿದ ಮೊದಲ ಪ್ರಶ್ನೆ ಕಾಗದದ್ದು: "ಸಾಹೇಬರೇ, ನಾಲ್ಕು ತಲೆಬರಹದಲ್ಲಿ ನಮಗೆ ಎಷ್ಟೆಷ್ಟು?" ಅಭಿಪ್ರಾಯದ ಪ್ರಶ್ನೆಗಳನ್ನು ಮೊದಲು ಕೇಳಿದರೆ ಎದುರಿನವರು ಎಚ್ಚರವಾಗುತ್ತಾರೆ. ಕಾಗದದಲ್ಲಿರುವುದನ್ನು ಓದಿ ಹೇಳುವುದಕ್ಕೆ ಯಾರಿಗೂ ಸಂಕೋಚವಿಲ್ಲ. ಅವರು ಓದಿದರು: ಅನುಭವ 20, ವಹಿವಾಟು 20, ಸಿಬ್ಬಂದಿ 15, ಅಡುಗೆಮನೆ ಭೇಟಿ 13. ನಮ್ಮ ಅಂದಾಜಿಗಿಂತ ಕಡಿಮೆಯಾದ 22ರಲ್ಲಿ 20 ಅನುಭವದ ಒಂದೇ ತಲೆಬರಹದಲ್ಲಿ ಹೋಗಿತ್ತು.

"ನಾಲ್ಕು ಗುತ್ತಿಗೆ ತೋರಿಸಿದ್ದೆವಲ್ಲ?" ಎಂದರು ಮಾವ, ದನಿ ಸ್ವಲ್ಪ ಏರಿಸಿ.

ಅಧಿಕಾರಿ ಪುಟಸಂಖ್ಯೆ ಹೇಳಿದರು. 61ನೇ ಪುಟದ ಗುತ್ತಿಗೆಗೆ ವರ್ಕ್ ಆರ್ಡರ್ ಮಾತ್ರ ಇದೆ, ಕೆಲಸ ಮುಗಿಸಿದ ಪ್ರಮಾಣಪತ್ರ ಇಲ್ಲ. ಕೆಲಸ ಸಿಕ್ಕಿತು ಎಂಬುದಕ್ಕೆ ಅದು ಸಾಕ್ಷಿ, ಮಾಡಿದಿರಿ ಎಂಬುದಕ್ಕಲ್ಲ. 64ನೇ ಪುಟದಲ್ಲಿ ಪ್ರಮಾಣಪತ್ರವಿದೆ, "ತೃಪ್ತಿಕರವಾಗಿ ಸೇವೆ ಸಲ್ಲಿಸಿದ್ದಾರೆ" ಎಂದಿದೆ, ಆದರೆ ದಿನಕ್ಕೆ ಎಷ್ಟು ಊಟ ಎಂಬುದು ಎಲ್ಲಿಯೂ ಇಲ್ಲ. 400 ದಾಟಿತೋ ಇಲ್ಲವೋ ಸಮಿತಿ ಹೇಗೆ ತಿಳಿಯಬೇಕು? ಎರಡಕ್ಕೂ ಸೊನ್ನೆ.

ನನಗೆ ಗೊತ್ತಿದ್ದ ಒಂದು ವಿಷಯ ಆಗ ನಾಲಿಗೆಯ ತುದಿಗೆ ಬಂದಿತ್ತು. ಹಣಕಾಸು ಸಚಿವಾಲಯದ ಖರೀದಿ ಕೈಪಿಡಿಯಲ್ಲಿ ಇದೇ ಸಂದರ್ಭ ಉದಾಹರಣೆಯಾಗಿ ಇದೆ: ಬಿಡ್ಡುದಾರ ಆರ್ಡರ್ ಕೊಟ್ಟು ಅದರ ಪೂರೈಕೆಯ ಪ್ರಮಾಣಪತ್ರ ಕೊಡದಿದ್ದರೆ ಆ ಪ್ರಮಾಣಪತ್ರವನ್ನು ಆಮೇಲೆ ಕೇಳಿ ಪರಿಗಣಿಸಬಹುದು, ಹೊಸದೊಂದು ಆರ್ಡರನ್ನು ಮಾತ್ರ ಸೇರಿಸಲು ಬಿಡಬಾರದು. ಹಾಗಾದರೆ ನಮ್ಮನ್ನು ಯಾಕೆ ಕೇಳಲಿಲ್ಲ? ಇದನ್ನು ಆರೋಪದಂತೆ ಎಸೆಯಬಹುದಿತ್ತು. ಬರೆದುಕೊಂಡು ಹೋಗಿದ್ದಂತೆಯೇ ಕೇಳಿದೆ: "ಕೊರತೆಯ ದಾಖಲೆ ಕೇಳುವ ಅವಕಾಶ ಇತ್ತೇ, ಕೇಳಿದ್ದಿರೇ?"

ಅಧಿಕಾರಿ ಪಕ್ಕದವರತ್ತ ನೋಡಿದರು. ಅವರು ಕಂಪ್ಯೂಟರ್ ಪರದೆಯನ್ನು ನಮ್ಮತ್ತ ತಿರುಗಿಸಿದರು. ಪೋರ್ಟಲಿನಿಂದ ನಮಗೆ ಹೋದ ಕೋರಿಕೆ ಅಲ್ಲಿತ್ತು. ಎರಡೂ ದಾಖಲೆಗಳನ್ನು ಹೆಸರಿಸಿ ಕೇಳಿದ್ದರು, ಮೂರು ದಿನದ ಗಡುವು ಕೊಟ್ಟಿದ್ದರು. ಹೋದ ಇಮೇಲ್ ವಿಳಾಸ, ಒಂದೂವರೆ ವರ್ಷದ ಹಿಂದೆ ನಮ್ಮಲ್ಲಿ ಕೆಲಸ ಬಿಟ್ಟುಹೋದ ಲೆಕ್ಕಿಗನದು. ಪೋರ್ಟಲಿನಲ್ಲಿ ನೋಂದಣಿ ಮಾಡಿಸಿದ್ದವನು ಅವನೇ. ಅದನ್ನು ಬದಲಿಸಬೇಕೆಂದು ನಮಗೆ ಹೊಳೆದಿರಲಿಲ್ಲ.

ಮಾವ ಪರದೆಯನ್ನು ಬಹಳ ಹೊತ್ತು ನೋಡಿದರು. ಎರಡರಲ್ಲಿ ಒಂದೇ ಒಂದು ಪ್ರಮಾಣಪತ್ರ ಒಪ್ಪಿಗೆಯಾಗಿದ್ದರೆ ನಮ್ಮ ತಾಂತ್ರಿಕ ಅಂಕ 78 ಆಗುತ್ತಿತ್ತು, ಒಟ್ಟು 93.4. ಕೆಲಸ ನಮ್ಮದು. ಅವರಿಗೆ ಬೇಕಾದವನಿಗೆ ಕೊಟ್ಟಿರಲಿಲ್ಲ. ನಮ್ಮನ್ನು ಕೇಳಿದ್ದರು, ನಾವು ಉತ್ತರಿಸಿರಲಿಲ್ಲ.

ಬಹಳ ಜನ ಇಷ್ಟಕ್ಕೆ ಎದ್ದು ಬರುತ್ತಾರೆ, ಕಾರಣ ಸಿಕ್ಕಿತಲ್ಲ ಎಂದು. ಆದರೆ ಕಾಗದದ ಕೊರತೆ ಮನೆಯಲ್ಲೇ ಕುಳಿತು ಕಡತ ತಿರುವಿದರೂ ಅರ್ಧ ಗೊತ್ತಾಗುವಂಥದ್ದು. ಅಡುಗೆಮನೆಗೆ ಬಂದವರು ಏನು ನೋಡಿದರು, ಏನು ಅಂದುಕೊಂಡರು ಎಂಬುದು ಆ ಕೋಣೆಯ ಹೊರಗೆ ಎಲ್ಲಿಯೂ ಸಿಗುವುದಿಲ್ಲ. 20ಕ್ಕೆ 13 ಬಂದಿತ್ತು. ನಮ್ಮ ಅಂದಾಜು 15, ವ್ಯತ್ಯಾಸ ಬರೀ ಎರಡು, ಕೇಳದೆ ಬಿಡಬಹುದಿತ್ತು. ಮಾವ ಆಗ ಕೇಳಿದ ರೀತಿ ನನಗೆ ಇಂದಿಗೂ ನೆನಪಿದೆ. "ಸಾಹೇಬರೇ, ಅಡುಗೆಮನೆ ನಾನೇ ಕಟ್ಟಿದ್ದು. ನೀವು ಬಂದಾಗ ಅಲ್ಲಿ ನಿಮಗೆ ಹಿಡಿಸದಿದ್ದುದು ಏನು, ಬರೆದಿಟ್ಟದ್ದು ಮಾತ್ರವಲ್ಲ, ನಿಮಗೆ ಅನ್ನಿಸಿದ್ದನ್ನೂ ಹೇಳಿ. ಬೇಸರ ಮಾಡಿಕೊಳ್ಳುವುದಿಲ್ಲ" ಎಂದು ಹೇಳಿ ಸುಮ್ಮನಾದರು.

ಆ ಸುಮ್ಮನಿರುವುದು ಮುಖ್ಯ. ಕೇಳಿದವನೇ "ಅಂದರೆ ಜಾಗ ಚಿಕ್ಕದಾಯಿತೇ, ಬಣ್ಣ ಹಳೆಯದಾಯಿತೇ" ಎಂದು ಉತ್ತರಗಳನ್ನು ಸೂಚಿಸಿಬಿಟ್ಟರೆ, ಎದುರಿನವರು ಅವುಗಳಲ್ಲಿ ಸುಲಭವಾದುದಕ್ಕೆ ಹೌದು ಎನ್ನುತ್ತಾರೆ.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಡುಗೆಮನೆ ಸ್ವಚ್ಛವಾಗಿಯೇ ಇತ್ತು, ಸಾಂಬಾರು ಸಮಿತಿಯವರಿಗೆಲ್ಲ ಇಷ್ಟವಾಗಿತ್ತು ಎಂದರು. ಆದರೆ ಶೀತಲ ಪೆಟ್ಟಿಗೆಯ ಉಷ್ಣಾಂಶ ಬರೆಯುವ ಪುಸ್ತಕ ಕೇಳಿದಾಗ ಕೊನೆಯ ನಮೂದು ಹನ್ನೊಂದು ದಿನದ ಹಿಂದಿನದಾಗಿತ್ತು. ಅಡುಗೆಯವರ ವೈದ್ಯಕೀಯ ಪ್ರಮಾಣಪತ್ರ ಕೇಳಿದಾಗ ಮೇಲ್ವಿಚಾರಕ, "ಅದೆಲ್ಲ ಮಾಲೀಕರ ಹತ್ತಿರ ಇರುತ್ತದೆ" ಎಂದಿದ್ದ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆಂಬುದು ಆಹಾರ ಸುರಕ್ಷತಾ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿರುವ ಶರತ್ತು. "ಪ್ರಮಾಣಪತ್ರ ಇರಲಿಲ್ಲ ಅನ್ನುವುದಕ್ಕಿಂತ, ನಿಮ್ಮ ಮನುಷ್ಯನಿಗೆ ಅದು ತನ್ನ ಕೆಲಸ ಅನ್ನಿಸಿರಲಿಲ್ಲ. ನೀವು ಇಲ್ಲದ ದಿನ ನಮ್ಮ ಕ್ಯಾಂಟೀನ್ ಹೇಗೆ ನಡೆಯುತ್ತದೆ ಎಂಬ ಅನುಮಾನ ನಮಗೆ ಬಂತು" ಎಂದರು ಅವರು.

ಮಾವನ ಮುಖ ಕೆಂಪಾಯಿತು. ಪ್ರಮಾಣಪತ್ರಗಳು ನಿಜಕ್ಕೂ ಇದ್ದವು, ಮನೆಯ ಕಪಾಟಿನಲ್ಲಿ. ಅವರು ಅದನ್ನು ಹೇಳಲು ಬಾಯಿ ತೆರೆದಾಗ ನಾನು ಮೇಜಿನ ಕೆಳಗೆ ಅವರ ಮೊಣಕಾಲು ಮುಟ್ಟಿದೆ. ಸಮರ್ಥನೆಯ ಒಂದು ಮಾತು ಬಂದರೆ ಮುಂದಿನ ಉತ್ತರ ಅರ್ಧವಾಗುತ್ತದೆ. ಎರಡು ಬಂದರೆ ಕಡತ ಮುಚ್ಚುತ್ತದೆ. ಅವರು ಸುಮ್ಮನೆ ತಲೆಯಾಡಿಸಿದರು. ಅದಾದ ಮೇಲೆ ಅಧಿಕಾರಿ ತಾವಾಗಿಯೇ ಇನ್ನೊಂದು ಮಾತು ಸೇರಿಸಿದರು: ಸಿಬ್ಬಂದಿಯ ಪಟ್ಟಿಯಲ್ಲಿ ಹೆಸರುಗಳಿವೆ, ಯಾರು ಈ ಕ್ಯಾಂಟೀನಿಗೆ ಬರುತ್ತಾರೆ, ಯಾರು ಭೋಸರಿಯಲ್ಲೇ ಉಳಿಯುತ್ತಾರೆ ಎಂಬುದು ಇರಲಿಲ್ಲ, 20ಕ್ಕೆ 15 ಆದದ್ದು ಅದಕ್ಕೆ.

ಕೇಳಬಾರದ್ದೂ ಇದೆ. ಗೆದ್ದವರ ದರದ ಒಳವಿವರ, ಅವರ ಮೆನು, ಅವರು ಯಾರಿಂದ ದಿನಸಿ ತರುತ್ತಾರೆ, ಸಮಿತಿಯ ಯಾವ ಸದಸ್ಯ ಎಷ್ಟು ಕೊಟ್ಟರು, ಇವನ್ನು ಅಧಿಕಾರಿ ಹೇಳುವಂತಿಲ್ಲ, ಹೇಳಿದರೂ ನಮಗೆ ಉಪಯೋಗವಿಲ್ಲ. ವಿಶ್ವಬ್ಯಾಂಕಿನ ನಿಯಮ ಕೂಡ ಇನ್ನೊಬ್ಬರ ಬಿಡ್ ಜೊತೆ ಅಂಶ ಅಂಶವಾಗಿ ಹೋಲಿಸಿ ಹೇಳುವುದನ್ನು ಡಿಬ್ರೀಫಿಂಗಿನಿಂದ ಹೊರಗಿಟ್ಟಿದೆ.

ಎಲ್ಲ ಕಚೇರಿಗಳೂ ಹೀಗೆ ಮನಸ್ಸು ಬಿಚ್ಚುವುದಿಲ್ಲ. "ಒಟ್ಟಾರೆ ಗುಣಮಟ್ಟ ನೋಡಿ ಅಂಕ ಕೊಟ್ಟಿದ್ದೇವೆ" ಎಂಬುದು ಉತ್ತರವಲ್ಲ. ನಿಜವಾದ ಉತ್ತರವನ್ನು ಗುರುತಿಸುವುದು ಸುಲಭ: ಅದರಲ್ಲಿ ಒಂದು ಪುಟಸಂಖ್ಯೆ, ಒಂದು ದಿನಾಂಕ, ಅಥವಾ ಒಬ್ಬ ಮನುಷ್ಯ ಆಡಿದ ಮಾತು ಇರುತ್ತದೆ. ಅದಾವುದೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಯಾಕೆ ಕೊಡಲಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ, ಅಭಿಪ್ರಾಯ ಎಂದು ತಳ್ಳಿಹಾಕುತ್ತಾರೆ. ಆದ್ದರಿಂದ ಮೌಲ್ಯಮಾಪನ ಸಮಿತಿಯ ವರದಿಯ ಪ್ರತಿ, ಅದರಲ್ಲಿ ನಮ್ಮ ಸಂಸ್ಥೆಯ ತಲೆಬರಹವಾರು ಅಂಕಪಟ್ಟಿ, ಭೇಟಿಯ ಟಿಪ್ಪಣಿ ಎಂದು ದಾಖಲೆಗಳ ಹೆಸರು ಹಿಡಿದು ಕೇಳಬೇಕು. ಮಹಾರಾಷ್ಟ್ರ ಸರ್ಕಾರದ ಕಚೇರಿಯಾದರೆ ಅಲ್ಲಿನ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದ ಮೀರದಂತೆ ಇರಬೇಕು. ಕೇಂದ್ರದ ಕಚೇರಿಗೆ ಮಿತಿ 500 ಪದ. ಗೆದ್ದವರ ದಾಖಲೆ ಕೇಳಿದರೆ ವಾಣಿಜ್ಯ ಗೋಪ್ಯತೆಯ 8(1)(ಡಿ) ಕಲಮು ಅಡ್ಡ ಬರಬಹುದು, 11ನೇ ಕಲಮಿನಂತೆ ಅವರಿಗೆ ನೋಟಿಸ್ ಹೋಗಿ ದಿನಗಳು ಉರುಳುತ್ತವೆ. ನಮ್ಮದೇ ಬಿಡ್‌ನ ಅಂಕಗಳಿಗೆ ಆ ತೊಡಕಿಲ್ಲ. ಆದರೂ ಇದನ್ನು ಭೇಟಿ ಕೇಳಿ, ಅದು ಸಿಗದ ಮೇಲೆ ಮಾಡುವುದು ಲೇಸು. ಅರ್ಜಿಯಿಂದ ಅಂಕಪಟ್ಟಿ ಬರುತ್ತದೆ, ಕನ್ನಡಕ ತೆಗೆದಿಟ್ಟು ಹೇಳುವ ಮಾತು ಬರುವುದಿಲ್ಲ.

ಪುಣೆ ಸುತ್ತಲಿನ ಚಾಕಣ, ರಾಂಜಣಗಾಂವದ ಖಾಸಗಿ ಕಾರ್ಖಾನೆಗಳಲ್ಲಿ ಇದಾವ ನಿಯಮವೂ ಇಲ್ಲ. ಅಲ್ಲಿ ಆಡಳಿತ ವಿಭಾಗದ ವ್ಯವಸ್ಥಾಪಕರಿಗೆ ಫೋನ್ ಮಾಡಿ ಕೇಳುವುದು, ಅವರು "ರೇಟ್ ಜಾಸ್ತಿಯಾಯಿತು" ಎನ್ನುವುದು ವಾಡಿಕೆ. ಅದು ಹಲವು ಸಲ ನೋಯಿಸದೆ ಕಳಿಸುವ ಮಾತು. ನಾವು ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಕೇಳುತ್ತೇವೆ: "ಅವರದೇ ದರಕ್ಕೆ ನಾವೂ ಬಂದಿದ್ದರೆ ನಮಗೆ ಕೊಡುತ್ತಿದ್ದಿರಾ?" ತಕ್ಷಣ ಹೌದು ಎಂದರೆ ಕಾರಣ ದರವೇ. ತಡೆದು ಉತ್ತರಿಸಿದರೆ ನಿಜವಾದ ಕಾರಣ ಆ ತಡೆಯ ಹಿಂದೆ ಇದೆ. ಸ್ವಲ್ಪ ಕಾದರೆ ಅದು ಬರುತ್ತದೆ. ಒಮ್ಮೆ ಬಂದದ್ದು, ನಮ್ಮ ಊಟದ ಗಾಡಿ ವಾರದಲ್ಲಿ ಎರಡು ದಿನ ಪಾಳಿ ಬದಲಾಗುವ ಹೊತ್ತಿಗೆ ತಡವಾಗಿ ಬರುತ್ತಿತ್ತು ಎಂಬ ಮಾತು. ಎರಡು ವರ್ಷ ಅದನ್ನು ಯಾರೂ ನಮಗೆ ಹೇಳಿರಲಿಲ್ಲ.

ಆ ದಿನ ಸಂಸ್ಥೆಯಿಂದ ಹೊರಬಂದು, ಎದುರಿನ ಚಹಾ ಅಂಗಡಿಯಲ್ಲಿ ಕುಳಿತು ಬರೆದುಕೊಂಡದ್ದನ್ನು ಇಬ್ಬರೂ ಓದಿ ಸರಿ ನೋಡಿದೆವು. ಸಂಜೆ ಅಧಿಕಾರಿಗೆ ಐದು ಸಾಲಿನ ಇಮೇಲ್ ಕಳಿಸಿದೆ: ನಮಗೆ ಅರ್ಥವಾದದ್ದು ಇದು, ತಪ್ಪಾಗಿದ್ದರೆ ತಿದ್ದಿ, ಸಮಯ ಕೊಟ್ಟದ್ದಕ್ಕೆ ಕೃತಜ್ಞತೆಗಳು. ಅವರು ಒಂದು ಕಡೆ ತಿದ್ದಿದರು. ಹನ್ನೊಂದು ದಿನವಲ್ಲ, ಒಂಬತ್ತು.

ಮರುದಿನವೇ ಎಲ್ಲ ಪೋರ್ಟಲುಗಳಲ್ಲಿ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಬದಲಾದವು. ವೈದ್ಯಕೀಯ ಪ್ರಮಾಣಪತ್ರಗಳು ಕಪಾಟಿನಿಂದ ಅಡುಗೆಮನೆಯ ಗೋಡೆಗೆ ಬಂದವು. ಹೆಚ್ಚು ಕಾಲ ಹಿಡಿದದ್ದು ಅನುಭವದ ಪತ್ರಗಳು. ಹಳೆಯ ಗ್ರಾಹಕರ ಬಳಿಗೆ ಮತ್ತೆ ಹೋಗಿ, ಬರೀ "ತೃಪ್ತಿಕರ" ಎಂದು ಬರೆಸಿಕೊಳ್ಳುವ ಬದಲು ಏನು ಬೇಕೆಂದು ಮಾವನೇ ಒಂದು ಕರಡು ಬರೆದು ಕೊಟ್ಟರು. ಈಚೆಗೆ ಬಂದ ಒಂದು ಪತ್ರ ನನ್ನ ಮುಂದಿದೆ. ಗುತ್ತಿಗೆ ಶುರುವಾದ ದಿನ, ಮುಗಿದ ದಿನ, ಅದರ ಕೆಳಗೆ ಒಂದು ಸಾಲು: "ಈ ಅವಧಿಯಲ್ಲಿ ಕೆಲಸದ ದಿನಗಳಂದು ದಿನಕ್ಕೆ ಸರಾಸರಿ 540 ಊಟ ಪೂರೈಸಿದ್ದಾರೆ." ಸಹಿ, ಮೊಹರು, ಸಹಿ ಹಾಕಿದವರ ಫೋನ್ ಸಂಖ್ಯೆ.